ದನಿಯನ್ನು ತೂಗುವ ಯಂತ್ರ: ಇಂಗ್ಲಿಷ್ ಪರೀಕ್ಷೆಯ ಎರಡು ಪ್ರಶ್ನೆಗಳು

ಭಾಷೆ ಮತ್ತು ಶಿಕ್ಷಣದ ಬಗ್ಗೆ ಮಾತನಾಡಬೇಕೆಂದು ಹೇಳಿದ್ದೀರಿ. ವಿಷಯ ದೊಡ್ಡದು. ಅದರೊಳಗಿಂದ ನಾನು ಒಂದು ಸಣ್ಣ ಮೂಲೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಮಕ್ಕಳು ಹೊರದೇಶದ ಕಾಲೇಜಿಗೋ ಕೆಲಸಕ್ಕೋ ಹೊರಟಾಗ ಕಂಪ್ಯೂಟರಿನ ಮುಂದೆ ಕೂತು ಇಂಗ್ಲಿಷ್ ಪರೀಕ್ಷೆ ಬರೆಯುತ್ತಾರೆ. ಬರೆಯುತ್ತಾರೆ ಎಂದೆ, ಆದರೆ ಅದರಲ್ಲೊಂದು ಭಾಗ ಮಾತನಾಡುವುದು. ಎದುರಿಗೆ ಪರೀಕ್ಷಕರು ಇರುವುದಿಲ್ಲ, ಒಂದು ಹೆಡ್‌ಫೋನು, ಒಂದು ಮೈಕು, ಒಂದು ಪರದೆ ಇರುತ್ತದೆ. ಆಡಿದ ಮಾತಿಗೆ ಅಂಕ ಹಾಕುವುದು ಹೆಚ್ಚಾಗಿ ಯಂತ್ರ. ಆ ಯಂತ್ರ ಏನನ್ನು ಕೇಳಿಸಿಕೊಳ್ಳುತ್ತದೆ, ಏನನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದಷ್ಟೇ ಇಂದಿನ ನನ್ನ ವಿಷಯ. ಅದರಲ್ಲೂ ಎರಡೇ ಬಗೆಯ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇನೆ. ಒಂದು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವುದು, ಅಂದರೆ ರೀಡ್ ಅಲೌಡ್. ಇನ್ನೊಂದು, ಕಿವಿಗೆ ಬಿದ್ದ ವಾಕ್ಯವನ್ನು ಹಾಗೆಯೇ ತಿರುಗಿ ಹೇಳುವುದು, ಅಂದರೆ ರಿಪೀಟ್ ಸೆಂಟೆನ್ಸ್.

ಈ ಎರಡೇ ಪ್ರಶ್ನೆಗಳು ಏಕೆ?

ಉದಾಹರಣೆಗೆ ನಾನು ಹಿಡಿಯುವುದು ಪಿಟಿಇ ಅಕಾಡೆಮಿಕ್ ಎಂಬ ಪರೀಕ್ಷೆಯನ್ನು. ಪಿಯರ್ಸನ್ ಸಂಸ್ಥೆ ಇದನ್ನು 2009ರಲ್ಲಿ ಆರಂಭಿಸಿತು. ಅಂಕಗಳ ಅಳತೆಗೋಲು 10ರಿಂದ 90. ಆಸ್ಟ್ರೇಲಿಯಾ 2014ರಿಂದ ವಲಸೆ ವೀಸಾಗಳಿಗೆ ಇದನ್ನು ಒಪ್ಪಿಕೊಂಡಿದ್ದರಿಂದ ನಮ್ಮ ಕಡೆಯ ಮಕ್ಕಳ ಬಾಯಲ್ಲೂ ಪಿಟಿಇ ಎಂಬ ಹೆಸರು ಓಡಾಡುತ್ತಿದೆ. ಇದಕ್ಕಿಂತ ಹಳೆಯ ಪರೀಕ್ಷೆಯೊಂದೂ ಇದೆ. ಅಮೆರಿಕದಲ್ಲಿ ಜೇರೆಡ್ ಬರ್ನ್‌ಸ್ಟೀನ್ ಎಂಬ ಧ್ವನಿವಿಜ್ಞಾನಿ 1990ರ ದಶಕದಲ್ಲಿ ಆರ್ಡಿನೇಟ್ ಎಂಬ ಕಂಪನಿ ಕಟ್ಟಿ, ಫೋನಿನಲ್ಲೇ ಇಂಗ್ಲಿಷ್ ಮಾತಿನ ಪರೀಕ್ಷೆ ಮಾಡುವ ವ್ಯವಸ್ಥೆ ತಂದರು. ಆಗ ಅದರ ಹೆಸರು ಫೋನ್‌ಪಾಸ್. ಮುಂದೆ ಅದು ವರ್ಸೆಂಟ್ ಎಂದಾಯಿತು, 2008ರಲ್ಲಿ ಪಿಯರ್ಸನ್ ತೆಕ್ಕೆಗೆ ಬಂತು. ಬೆಂಗಳೂರಿನ ಕಾಲ್ ಸೆಂಟರ್ ಕೆಲಸಕ್ಕೆ ಹೋದ ನಿಮ್ಮ ಅಣ್ಣಂದಿರೋ ಅಕ್ಕಂದಿರೋ ವರ್ಸೆಂಟ್ ಕೊಟ್ಟಿರಬಹುದು, ಕೇಳಿ ನೋಡಿ. ಅದರಲ್ಲೂ ಓದುವುದು, ತಿರುಗಿ ಹೇಳುವುದು ಇದ್ದವು. 2026ರ ಜನವರಿಯಲ್ಲಿ ಬದಲಾದ ಟೋಫೆಲ್ ಪರೀಕ್ಷೆಯೂ ಕೇಳಿ ತಿರುಗಿ ಹೇಳುವ ಪ್ರಶ್ನೆಯನ್ನು ತಂದುಕೊಂಡಿದೆ.

ಎಲ್ಲರೂ ಇವೆರಡನ್ನೇ ಏಕೆ ಹಿಡಿದರು? ಕಾರಣ ಸರಳ. ಬಾಯಿಂದ ಯಾವ ಮಾತು ಬರಬೇಕು ಎಂಬುದು ಯಂತ್ರಕ್ಕೆ ಮೊದಲೇ ಗೊತ್ತು. ಸ್ವತಂತ್ರವಾಗಿ ಮಾತನಾಡುವಾಗ ಮನುಷ್ಯ ಏನನ್ನಾದರೂ ಹೇಳಬಹುದು, ಅದನ್ನೆಲ್ಲ ಗುರುತಿಸಿ, ಅರ್ಥ ಮಾಡಿಕೊಂಡು, ತೂಗುವುದು ಕಷ್ಟ. ಇಲ್ಲಿ ಉತ್ತರ ಕಣ್ಣೆದುರೇ ಇದೆ. ಬಂದ ದನಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಮುಗಿಯಿತು. ಪಿಟಿಇಯಲ್ಲಿ 2025ರ ಆಗಸ್ಟ್‌ನಿಂದ ಕೆಲವು ಬಗೆಯ ಪ್ರಶ್ನೆಗಳಿಗೆ ಮನುಷ್ಯರ ಪರಿಶೀಲನೆಯೂ ಸೇರಿದೆ. ಈ ಎರಡು ಯಂತ್ರದ ಪಾಲಿಗೇ ಉಳಿದಿವೆ. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿ ಮಾಡುವ ಜಾಗ ಇದು. ಅದರ ಮಿತಿ ಸ್ಪಷ್ಟವಾಗಿ ಕಾಣುವ ಜಾಗವೂ ಇದೇ.

ಎರಡೂ ಪ್ರಶ್ನೆಗಳಿಗೆ ಅಂಕ ಮೂರು ಕಡೆಯಿಂದ ಬರುತ್ತದೆ. ಹೇಳಬೇಕಾದ ಪದಗಳನ್ನು ಹೇಳಿದಿರಾ? ಇದು ಕಂಟೆಂಟ್. ಮಾತು ತಡೆಯಿಲ್ಲದೆ ಹರಿಯಿತೇ? ಇದು ಓರಲ್ ಫ್ಲೂಯೆನ್ಸಿ, ನಾನು ಇದನ್ನು ಓಘ ಎನ್ನುತ್ತೇನೆ. ಧ್ವನಿಗಳು ಕೇಳುವವರಿಗೆ ಸುಲಭವಾಗಿ ತಿಳಿದವೇ? ಇದು ಉಚ್ಚಾರ. ಓಘಕ್ಕೂ ಉಚ್ಚಾರಕ್ಕೂ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳಿವೆ. ಕಂಟೆಂಟ್ ಸೊನ್ನೆಯಾದರೆ ಉಳಿದೆರಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ದನಿ ಯಂತ್ರದೊಳಗೆ ಹೋದಾಗ

ನಮ್ಮ ದನಿ ಮೈಕಿನೊಳಗೆ ಹೋದ ಕೂಡಲೇ ಏನಾಗುತ್ತದೆ? ಕಂಪನಿಗಳು ತಮ್ಮ ಒಳಗಿನ ಲೆಕ್ಕವನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆದರೆ ಈ ವಿದ್ಯೆಯ ಮೂಲ ಹೆಜ್ಜೆಗಳು ಮೂವತ್ತು ವರ್ಷಗಳಿಂದ ಸಂಶೋಧನಾ ಪತ್ರಿಕೆಗಳಲ್ಲಿ ಬಹಿರಂಗವಾಗಿವೆ.

ಮೊದಲ ಹೆಜ್ಜೆ, ದನಿಯನ್ನು ಸಣ್ಣ ಸಣ್ಣ ತುಣುಕು ಮಾಡುವುದು. ಸಾಮಾನ್ಯವಾಗಿ ಒಂದು ಸೆಕೆಂಡಿಗೆ ನೂರು ತುಣುಕು. ಪ್ರತಿ ತುಣುಕಿನಲ್ಲಿ ಯಾವ ಕಂಪನದಲ್ಲಿ ಎಷ್ಟು ಶಕ್ತಿ ಇದೆ ಎಂದು ಅಳೆಯಲಾಗುತ್ತದೆ. ಇಂಗ್ಲಿಷಿನ ಧ್ವನಿಗಳು ನಲವತ್ತರ ಆಸುಪಾಸು. ಈ ತುಣುಕು ಅವುಗಳಲ್ಲಿ ಯಾವುದಾಗಿರಬಹುದು, ಎಷ್ಟು ಸಂಭವ ಎಂದು ಯಂತ್ರ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುತ್ತದೆ.

ಎರಡನೆಯ ಹೆಜ್ಜೆ, ಗೊತ್ತಿರುವ ವಾಕ್ಯವನ್ನು ದನಿಯ ಮೇಲೆ ಹಾಸುವುದು. ಇಲ್ಲಿಂದ ಇಲ್ಲಿಯವರೆಗೆ ಮೊದಲ ಪದ, ಅದರೊಳಗೆ ಇಲ್ಲಿಂದ ಇಲ್ಲಿಯವರೆಗೆ ಮೊದಲ ಧ್ವನಿ ಎಂದು ಗೆರೆ ಎಳೆಯುತ್ತಾ ಹೋಗುತ್ತದೆ. ಈ ಗೆರೆಗಳು ಬಿದ್ದ ಮೇಲೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ಯಾವ ಪದ ಬಿಟ್ಟುಹೋಯಿತು, ಯಾವುದು ಹೆಚ್ಚಾಯಿತು, ಎಲ್ಲಿ ಎಷ್ಟು ಹೊತ್ತು ಮೌನ, ಯಾವ ಧ್ವನಿ ಎಷ್ಟು ಉದ್ದ.

ಮೂರನೆಯ ಹೆಜ್ಜೆ, ಉಚ್ಚಾರದ ತೂಕ. ಕೇಂಬ್ರಿಡ್ಜಿನಲ್ಲಿ ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ ರೂಪಿಸಿ 2000ದಲ್ಲಿ ಪ್ರಕಟಿಸಿದ ಒಂದು ವಿಧಾನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಬರಬೇಕಾದ ಧ್ವನಿಗೆ ಯಂತ್ರ ಕೊಟ್ಟ ಸಂಭವ ಎಷ್ಟು? ಅದೇ ಜಾಗಕ್ಕೆ ಬೇರೆ ಯಾವುದಾದರೂ ಧ್ವನಿ ಅದಕ್ಕಿಂತ ಚೆನ್ನಾಗಿ ಕೂರುತ್ತದೆಯೇ? ಎರಡರ ಅಂತರ ಸಣ್ಣದಾಗಿದ್ದರೆ ಉಚ್ಚಾರ ಸರಿ, ದೊಡ್ಡದಾದರೆ ತಪ್ಪು. ಗಮನಿಸಿ, ಯಂತ್ರ ಕೇಳುವುದು ‘ಇದು ಚೆಂದವೇ’ ಎಂದಲ್ಲ. ‘ನಾನು ಕಲಿತ ದನಿಗಳ ರಾಶಿಯಲ್ಲಿ ಇದು ಎಲ್ಲಿ ಬೀಳುತ್ತದೆ’ ಎಂದು.

ಕೊನೆಯ ಹೆಜ್ಜೆಯಲ್ಲಿ ಈ ಅಳತೆಗಳು ಅಂಕವಾಗಬೇಕು. ಅದಕ್ಕೆ ಮೊದಲು ಸಾವಿರಾರು ಜನರ ಮಾತನ್ನು ತರಬೇತಾದ ಮನುಷ್ಯ ಪರೀಕ್ಷಕರಿಂದ ಕೇಳಿಸಿ ಅಂಕ ಹಾಕಿಸುತ್ತಾರೆ. ಯಾವ ಅಳತೆ ಹೇಗಿದ್ದಾಗ ಮನುಷ್ಯರು ನಾಲ್ಕು ಕೊಟ್ಟರು, ಯಾವಾಗ ಎರಡು ಕೊಟ್ಟರು ಎಂಬುದನ್ನು ಯಂತ್ರ ಕಲಿಯುತ್ತದೆ. ಪಿಟಿಇಯ ಪೂರ್ವ ಪರೀಕ್ಷೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು, ಅವರ ಮಾತೃಭಾಷೆಗಳು 126 ಎಂದು ಸಂಸ್ಥೆ ಹೇಳುತ್ತದೆ. ಅಂದರೆ ಯಂತ್ರಕ್ಕೆ ತನ್ನದೇ ಆದ ಅಭಿಪ್ರಾಯವಿಲ್ಲ. ಪರೀಕ್ಷಕರ ಸರಾಸರಿ ಕಿವಿಯನ್ನು ಊಹಿಸುವುದೇ ಅದರ ಉದ್ಯೋಗ.

ಓದುವ ಪ್ರಶ್ನೆ: ಒಂದು ವಾಕ್ಯದ ಲೆಕ್ಕ

ರೀಡ್ ಅಲೌಡ್‌ನಲ್ಲಿ ಅರವತ್ತು ಪದಗಳೊಳಗಿನ ಒಂದು ಸಣ್ಣ ಬರಹ ಪರದೆಯ ಮೇಲೆ ಬರುತ್ತದೆ. ಓದಿಕೊಳ್ಳಲು ಮೂವತ್ತು, ನಲವತ್ತು ಸೆಕೆಂಡು ಸಿಗುತ್ತದೆ. ಆಮೇಲೆ ಮೈಕು ತೆರೆಯುತ್ತದೆ. ಮೂರು ಸೆಕೆಂಡು ಸುಮ್ಮನಿದ್ದರೆ ಅದು ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯುವುದಿಲ್ಲ.

ನಮ್ಮ ಕಡೆಯ ಒಬ್ಬ ವಿದ್ಯಾರ್ಥಿನಿ ಎಂದುಕೊಳ್ಳಿ. ಪಿಯುಸಿವರೆಗೆ ಇಂಗ್ಲಿಷನ್ನು ಪಾಠದ ವಿಷಯವಾಗಿ ಓದಿದವಳು, ವ್ಯಾಕರಣ ಗಟ್ಟಿ. ಅವಳ ಮುಂದೆ ಬಂದ ಬರಹದಲ್ಲಿ ಈ ವಾಕ್ಯವಿದೆ: ‘ಸಮರ್ ರೇನ್ಸ್ ಹ್ಯಾವ್ ಬಿಕಮ್ ಲೆಸ್ ಸರ್ಟನ್, ಅಂಡ್ ದಿ ಓನರ್ಸ್ ಆಫ್ ಸ್ಮಾಲ್ ಗಾರ್ಡನ್ಸ್ ಡಿಪೆಂಡ್ ಎವ್ರಿ ಇಯರ್ ಆನ್ ವಾಟರ್ ಫ್ರಮ್ ವೆಲ್ಸ್.’ ಒಟ್ಟು ಹತ್ತೊಂಬತ್ತು ಪದ.

ಅವಳು ಓದುತ್ತಾಳೆ. ‘ಓನರ್ಸ್’ ಹಿಂದಿನ ‘ದಿ’ ನುಂಗಿಹೋಗುತ್ತದೆ. ‘ಡಿಪೆಂಡ್’ ಎನ್ನುವಲ್ಲಿ ‘ಡಿಪೆಂಡ್ಸ್’ ಎಂದುಬಿಡುತ್ತಾಳೆ. ಪ್ರಕಟಿತ ನಿಯಮ ಸರಳ: ಬಿಟ್ಟ ಪದ, ಬದಲಾದ ಪದ, ಸೇರಿಸಿದ ಪದ, ಪ್ರತಿಯೊಂದೂ ಒಂದು ತಪ್ಪು. ಇಲ್ಲಿಗೆ ಎರಡು ತಪ್ಪಾಯಿತು. ಓದುತ್ತಿರುವ ಹುಡುಗಿ ಜಾಣೆ, ತಪ್ಪು ಅವಳಿಗೆ ಗೊತ್ತಾಗುತ್ತದೆ. ಶಾಲೆಯಲ್ಲಿ ನಾವು ಕಲಿಸಿದಂತೆ ನಿಂತು, ಸರಿಮಾಡಿಕೊಂಡು, ‘ಡಿಪೆಂಡ್ಸ್... ಡಿಪೆಂಡ್’ ಎನ್ನುತ್ತಾಳೆ. ಮೇಷ್ಟ್ರು ಮೆಚ್ಚುತ್ತಿದ್ದರು. ಯಂತ್ರದ ಲೆಕ್ಕ ಬೇರೆ. ತಿದ್ದದೆ ಬಿಟ್ಟಿದ್ದರೆ ಬದಲಾದ ಪದವೊಂದು, ಅಂದರೆ ಒಂದು ತಪ್ಪು. ತಿದ್ದಿದ ಮೇಲೆ ‘ಡಿಪೆಂಡ್’ ಸರಿ, ಆದರೆ ಹಿಂದಿನ ‘ಡಿಪೆಂಡ್ಸ್’ ಹೆಚ್ಚಿಗೆ ಸೇರಿದ ಪದ. ಮತ್ತೆ ಒಂದೇ ತಪ್ಪು. ಕಂಟೆಂಟ್‌ನಲ್ಲಿ ಏನೂ ಗಳಿಸಲಿಲ್ಲ. ಓಘದಲ್ಲಿ ಮಾತ್ರ ಕಳೆದುಕೊಂಡಳು. ಪ್ರಕಟಿತ ವಿವರಣೆಯ ಪ್ರಕಾರ ಓಘದ ಐದನೆಯ ಮೆಟ್ಟಿಲಿನಲ್ಲಿ ತಡವರಿಕೆಯೂ ಇರಬಾರದು, ಹಿಂದೆ ಹೋಗಿ ಹೇಳಿದ್ದೂ ಇರಬಾರದು. ನಾಲ್ಕನೆಯದರಲ್ಲಿ ಅಂಥದ್ದು ಒಂದಕ್ಕಿಂತ ಹೆಚ್ಚು ಇರಬಾರದು.

ಇನ್ನು ಹೊತ್ತು. ನಿಮಿಷಕ್ಕೆ 140 ಪದಗಳಂತೆ ಓದಿದರೆ ಹತ್ತೊಂಬತ್ತು ಪದಕ್ಕೆ ಸುಮಾರು ಎಂಟು ಸೆಕೆಂಡು ಸಾಕು. ಅವಳು ಹದಿಮೂರು ಸೆಕೆಂಡು ತೆಗೆದುಕೊಂಡಳು ಎನ್ನೋಣ, ಅದರಲ್ಲಿ ಎರಡು ಸೆಕೆಂಡು ಮೌನ. ಒಟ್ಟಾರೆ ವೇಗ ನಿಮಿಷಕ್ಕೆ 88 ಪದ. ಮೌನ ಕಳೆದರೆ 104. ಈ ಎರಡು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೌನ ಕಳೆದ ಮೇಲೂ ವೇಗ ಕಡಿಮೆ ಇದೆ ಎಂದರೆ ಅವಳ ತೊಂದರೆ ನಿಲ್ಲುವುದರಲ್ಲಿ ಮಾತ್ರ ಇಲ್ಲ, ಪ್ರತಿ ಪದವನ್ನೂ ಎಳೆದು ಹೇಳುತ್ತಿದ್ದಾಳೆ. ಹಾಲೆಂಡಿನ ಕುಕಿಯಾರಿನಿ, ಸ್ಟ್ರಿಕ್, ಬೋವ್ಸ್ ಎಂಬ ಸಂಶೋಧಕರು ವೇಗದ ಮಹತ್ವವನ್ನು 2000ದಲ್ಲೇ ತೋರಿಸಿದ್ದರು. ಓದಿದ ಮಾತಿನಲ್ಲಿ ಮನುಷ್ಯ ಪರೀಕ್ಷಕರು ಕೊಡುವ ಓಘದ ಅಂಕವನ್ನು ಮಾತಿನ ವೇಗವೊಂದರಿಂದಲೇ ಬಹಳ ಮಟ್ಟಿಗೆ ಊಹಿಸಬಹುದು.

ಹಾಗಾದರೆ ಎಳೆಯುವುದು ಎಲ್ಲಿ? ಕನ್ನಡದ ನಾಲಿಗೆ ಇಲ್ಲಿ ತನ್ನ ಗುರುತು ಬಿಡುತ್ತದೆ. ನಮ್ಮಲ್ಲಿ ಪ್ರತಿ ಅಕ್ಷರಕ್ಕೂ ಅದರ ಮಾತ್ರೆಯಷ್ಟು ಹೊತ್ತು ಕೊಡುತ್ತೇವೆ. ಇಂಗ್ಲಿಷ್ ಹಾಗಲ್ಲ, ಒಂದು ಪದದಲ್ಲಿ ಒಂದು ಅಕ್ಷರವನ್ನು ಒತ್ತಿ, ಉಳಿದವನ್ನು ಸಣ್ಣದು ಮಾಡಿ, ‘ದಿ’, ‘ಆಫ್’, ‘ಫ್ರಮ್’ಗಳನ್ನು ಅರ್ಧ ನುಂಗಿ ಮುಂದೆ ಹೋಗುತ್ತದೆ. ಆ ಹುಡುಗಿ ‘ಓನರ್ಸ್ ಆಫ್ ಸ್ಮಾಲ್ ಗಾರ್ಡನ್ಸ್’ ಎನ್ನುವಾಗ ‘ಆಫ್’ಗೂ ‘ಸ್ಮಾಲ್’ಗೂ ಒಂದೇ ಉದ್ದ ಕೊಟ್ಟರೆ, ಯಂತ್ರ ಎಳೆದ ಗೆರೆಗಳಲ್ಲಿ ಪ್ರತಿ ಪದವೂ ಬಿಡಿಬಿಡಿಯಾಗಿ ಕಾಣುತ್ತದೆ. ಓಘದ ವಿವರಣೆಯಲ್ಲಿ ‘ಸ್ಟಕಾಟೊ’ ಎಂಬ ಮಾತು ಬರುವುದು ಇಂಥ ಓದಿಗೆ.

ಎರಡನೆಯದು ಒತ್ತಕ್ಷರ. ನಮಗೆ ‘ಹಳಿ’ ಬೇರೆ, ‘ಹಳ್ಳಿ’ ಬೇರೆ. ವ್ಯಂಜನದ ಉದ್ದ ಅರ್ಥವನ್ನೇ ಬದಲಿಸುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಎರಡು ಎಂ ಕಂಡ ಕೂಡಲೇ ‘ಸಮ್ಮರ್’ ಎನ್ನುತ್ತೇವೆ, ಎರಡು ಪಿ ಕಂಡರೆ ‘ಹ್ಯಾಪ್ಪಿ’. ಇಂಗ್ಲಿಷಿನಲ್ಲಿ ಅದು ಬರಹದ ಜೋಡಿ ಮಾತ್ರ, ಬಾಯಲ್ಲಿ ಒಂದೇ ಎಂ. ಯಂತ್ರಕ್ಕೆ ಈ ಮ್ ಅಪರಿಚಿತವೇನಲ್ಲ, ಆದರೆ ಇರಬೇಕಾದ್ದಕ್ಕಿಂತ ಉದ್ದ. ಮೂರನೆಯದು ಕೊನೆಯ ಉಕಾರ. ಬಸ್ಸು, ಪೆನ್ನು, ಬ್ಯಾಂಕು ಎಂದು ಸೇರಿಸಿಕೊಂಡ ಅಭ್ಯಾಸ ‘ವೆಲ್ಸು’ ಎಂದೂ ಹೇಳಿಸುತ್ತದೆ. ಹಾಸಿದ ವಾಕ್ಯದಲ್ಲಿ ಆ ಉಕಾರಕ್ಕೆ ಜಾಗವೇ ಇಲ್ಲ. ಅದು ಹಿಂದಿನ ಧ್ವನಿಗೋ ಮುಂದಿನದಕ್ಕೋ ಅಂಟಿಕೊಂಡು ಅದರ ತೂಕ ಕೆಡಿಸುತ್ತದೆ. ನಾಲ್ಕನೆಯದು ಪದದ ಆರಂಭ: ‘ಎವ್ರಿ’ ಹೋಗಿ ‘ಯೆವ್ರಿ’, ‘ಓನರ್ಸ್’ ಹೋಗಿ ‘ವೋನರ್ಸ್’.

‘ವಾಟರ್’ ಮತ್ತು ‘ವೆಲ್ಸ್’ ವಿಷಯಕ್ಕೆ ಬಂದರೆ, ನಮ್ಮ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ನಿಲ್ಲುತ್ತದೆ. ಒಂದರಲ್ಲಿ ಹಲ್ಲು ತುಟಿಗೆ ತಾಗಿ ಗಾಳಿ ಉಜ್ಜಿ ಬರುತ್ತದೆ, ಇನ್ನೊಂದರಲ್ಲಿ ತುಟಿ ಗುಂಡಾಗುತ್ತದೆ. ನಾವು ಎರಡನ್ನೂ ಮಾಡುವುದಿಲ್ಲ. ಆದರೂ ಇದರಿಂದ ಕಂಟೆಂಟ್ ಅಂಕ ಹೋಗುವುದು ಅಪರೂಪ. ‘ವಾಟರ್’ ಬರಬೇಕೆಂದು ಯಂತ್ರ ಕಾಯುತ್ತಿರುತ್ತದೆ, ಹತ್ತಿರ ಬಂದರೆ ಒಪ್ಪಿಕೊಳ್ಳುತ್ತದೆ. ಹೋಗುವುದು ಉಚ್ಚಾರದಲ್ಲಿ ಅಷ್ಟಿಷ್ಟು. ನಮ್ಮ ಮಕ್ಕಳು ಮತ್ತು ಅವರಿಗೆ ತರಬೇತಿ ಕೊಡುವವರು ತಲೆಕೆಡಿಸಿಕೊಳ್ಳುವುದೆಲ್ಲ ಇಂಥ ಒಂದೊಂದು ಧ್ವನಿಯ ಬಗ್ಗೆ. ನಿಜವಾದ ನಷ್ಟ ಹೊತ್ತಿನ ಲೆಕ್ಕದಲ್ಲಿ ಆಗುತ್ತದೆ. ಪದದ ಉದ್ದ, ಮೌನದ ಜಾಗ, ಹಿಂದೆ ಹೋಗಿ ತಿದ್ದುವ ಅಭ್ಯಾಸ, ಈ ಮೂರು ಸರಿಯಾದರೆ ವಕಾರ ನಮ್ಮದೇ ಆಗಿದ್ದರೂ ನಡೆಯುತ್ತದೆ.

ಕೇಳಿ ತಿರುಗಿ ಹೇಳುವ ಪ್ರಶ್ನೆ

ರಿಪೀಟ್ ಸೆಂಟೆನ್ಸ್‌ನಲ್ಲಿ ಪರದೆಯ ಮೇಲೆ ಬರಹವಿಲ್ಲ. ಮೂರರಿಂದ ಒಂಬತ್ತು ಸೆಕೆಂಡಿನ ಒಂದು ವಾಕ್ಯ ಒಮ್ಮೆ ಮಾತ್ರ ಕೇಳುತ್ತದೆ. ಹದಿನೈದು ಸೆಕೆಂಡಿನೊಳಗೆ ತಿರುಗಿ ಹೇಳಬೇಕು. ಇದರ ಅಂಕ ಕೇಳುವ ಕೌಶಲಕ್ಕೂ ಸೇರುತ್ತದೆ, ಮಾತಿನ ಕೌಶಲಕ್ಕೂ ಸೇರುತ್ತದೆ.

‘ಗಿಳಿಪಾಠಕ್ಕೆ ಅಂಕವೇ?’ ಎಂದು ಯಾರಾದರೂ ಕೇಳಬಹುದು. ನಮ್ಮ ವೇದಪಾಠಶಾಲೆಗಳಲ್ಲಿ ಸಂಥೆ ಹೇಳಿಸಿಕೊಂಡವರಿಗೆ ತಿರುಗಿ ಹೇಳುವುದು ಹೊಸದಲ್ಲ. ಅಲ್ಲಿ ಗುರುಗಳು ತುಂಡು ಮಾಡಿ ಹೇಳುತ್ತಾರೆ, ಶಿಷ್ಯರು ಮತ್ತೆ ಮತ್ತೆ ಹೇಳುತ್ತಾರೆ, ಅರ್ಥ ಆಮೇಲೆ ಬಂದರೂ ಸರಿ. ಈ ಪರೀಕ್ಷೆ ನಿಂತಿರುವುದು ಅದರ ಎದುರು ತತ್ವದ ಮೇಲೆ. ಒಮ್ಮೆ ಕೇಳಿದ ಅಪರಿಚಿತ ಸದ್ದನ್ನು ಮನಸ್ಸು ಹಿಡಿದಿಡುವುದು ಬಹಳ ಸ್ವಲ್ಪ. ನಾಲ್ಕಾರು ಪದ ದಾಟಿದ ಕೂಡಲೇ ಸದ್ದು ಜಾರುತ್ತದೆ. ಹನ್ನೆರಡು ಪದದ ವಾಕ್ಯವನ್ನು ಹೇಳಬೇಕಾದರೆ ಅದನ್ನು ಮೂರೋ ನಾಲ್ಕೋ ಅರ್ಥದ ಗಂಟುಗಳಾಗಿ ಕಟ್ಟಿಕೊಂಡಿರಬೇಕು. ಹಾಗೆ ಕಟ್ಟಲು ಆ ಭಾಷೆಯ ವಾಕ್ಯರಚನೆ ಮೈಗೂಡಿರಬೇಕು. ಹಾಗಾಗಿ ಪೂರ್ತಿ ವಾಕ್ಯ ತಿರುಗಿ ಹೇಳಿದವರಿಗೆ ಅರ್ಥವಾಗಿದೆ ಎಂದು ಪರೀಕ್ಷೆ ಊಹಿಸುತ್ತದೆ. ಊಹೆ ಬಹುಪಾಲು ಸರಿ. ಎಲ್ಲಿ ತಪ್ಪುತ್ತದೆ ಎಂದು ಒಂದು ವಾಕ್ಯ ಹಿಡಿದು ನೋಡೋಣ.

‘ದಿ ಲೈಬ್ರರಿ ವಿಲ್ ಬಿ ಕ್ಲೋಸ್ಡ್ ಫಾರ್ ರಿಪೇರ್ಸ್ ಅಂಟಿಲ್ ದಿ ಸೆಕೆಂಡ್ ವೀಕ್ ಆಫ್ ಜೂನ್.’ ಹದಿಮೂರು ಪದ. ನಿಯಮ ಇದು: ಎಲ್ಲ ಪದಗಳೂ ಕ್ರಮದಲ್ಲಿ ಬಂದರೆ ಮೂರು ಅಂಕ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕ್ರಮದಲ್ಲಿ ಬಂದರೆ ಎರಡು. ಅರ್ಧಕ್ಕಿಂತ ಕಡಿಮೆಯಾದರೆ ಒಂದು.

ನಾಲ್ವರು ಇದನ್ನು ತಿರುಗಿ ಹೇಳಿದರು ಎಂದುಕೊಳ್ಳಿ. ಮೊದಲನೆಯವಳು ‘ಫಾರ್ ರಿಪೇರ್ಸ್’ ಬಿಟ್ಟು ಉಳಿದದ್ದನ್ನೆಲ್ಲ ಸರಿಯಾಗಿ ಹೇಳಿದಳು. ಹದಿಮೂರರಲ್ಲಿ ಹನ್ನೊಂದು, ಎರಡು ಅಂಕ. ಎರಡನೆಯವನು ಹೇಳಿದ್ದು ಹೀಗೆ: ‘ದಿ ಲೈಬ್ರರಿ ಈಸ್ ಕ್ಲೋಸ್ಡ್ ಫಾರ್ ರಿಪೇರ್ ಟಿಲ್ ಸೆಕೆಂಡ್ ವೀಕ್ ಇನ್ ಜೂನ್.’ ಗ್ರಂಥಾಲಯ ಮುಚ್ಚಿರುತ್ತದೆ, ದುರಸ್ತಿಗಾಗಿ, ಜೂನ್ ಎರಡನೆಯ ವಾರದವರೆಗೆ. ಅರ್ಥ ಒಂದಿಷ್ಟೂ ಸೋರಿಲ್ಲ. ಆದರೆ ಕ್ರಮದಲ್ಲಿ ಹೊಂದುವ ಪದ ಏಳೇ: ದಿ, ಲೈಬ್ರರಿ, ಕ್ಲೋಸ್ಡ್, ಫಾರ್, ಸೆಕೆಂಡ್, ವೀಕ್, ಜೂನ್. ಅರ್ಧ ದಾಟಿದ್ದಕ್ಕೆ ಅವನಿಗೂ ಎರಡು. ‘ಸೆಕೆಂಡ್’ ಎಂಬುದನ್ನೂ ನುಂಗಿದ್ದರೆ ಆರಾಗಿ ಒಂದಕ್ಕೆ ಇಳಿಯುತ್ತಿದ್ದ. ಮೂರನೆಯವನು ‘ಲೈಬ್ರರಿ, ಕ್ಲೋಸ್ಡ್, ಜೂನ್’ ಎಂದು ಬಿಟ್ಟ, ಒಂದು ಅಂಕ. ನಾಲ್ಕನೆಯವಳಿಗೆ ಒಳ್ಳೆಯ ಕಿವಿ, ಒಳ್ಳೆಯ ನೆನಪು. ‘ರಿಪೇರ್ಸ್’ ಯಾವುದರದು ಎಂದು ಕೇಳಿದರೆ ಹೇಳಲಾರಳು, ಆದರೆ ಹದಿಮೂರೂ ಪದ ಹೇಳಿದಳು. ಮೂರು ಅಂಕ.

ಅರ್ಥ ಕಳೆದುಕೊಂಡ ಮೊದಲನೆಯವಳೂ ಅರ್ಥ ಉಳಿಸಿಕೊಂಡ ಎರಡನೆಯವನೂ ಇಲ್ಲಿ ಸಮ. ಯಂತ್ರ ಪದಗಳನ್ನು ಎಣಿಸುತ್ತದೆ, ಅರ್ಥವನ್ನು ಪದಗಳ ಮೂಲಕ ಊಹಿಸುತ್ತದೆ. ಒಂದು ವಾಕ್ಯದಲ್ಲಿ ಈ ಊಹೆ ಹೀಗೆ ತಪ್ಪಬಹುದು. ಹತ್ತು ಹನ್ನೆರಡು ವಾಕ್ಯ ಕೊಟ್ಟಾಗ ತಪ್ಪುಗಳು ಸ್ವಲ್ಪ ಸರಿದೂಗುತ್ತವೆ, ಅದಕ್ಕೇ ಅಷ್ಟು ವಾಕ್ಯ ಕೊಡುವುದು.

ಎರಡನೆಯವನ ಬಗ್ಗೆ ಇನ್ನೊಂದು ಮಾತು. ಅವನು ಬಿಟ್ಟಿದ್ದು ಯಾವುದನ್ನು? ‘ವಿಲ್ ಬಿ’ಯನ್ನು, ‘ರಿಪೇರ್ಸ್’ನ ಕೊನೆಯ ಸಕಾರವನ್ನು, ‘ದಿ’ಯನ್ನು, ‘ಆಫ್’ ಅನ್ನು. ಇಂಗ್ಲಿಷ್ ಮಾತುಗಾರರು ಅರ್ಧ ನುಂಗಿ ಹೇಳುವ ಪದಗಳೇ ಇವು. ನಾವು ಅವನ್ನು ಒತ್ತಿ ಓದಿ ಕಲಿತಿದ್ದರಿಂದ, ನುಂಗಿ ಹೇಳಿದಾಗ ಕಿವಿಗೆ ಸಿಗುವುದಿಲ್ಲ. ಓದುವಾಗ ನಮ್ಮನ್ನು ನಿಧಾನ ಮಾಡಿದ ಅಭ್ಯಾಸವೇ ಕೇಳುವಾಗ ಕಿವುಡು ಮಾಡುತ್ತದೆ.

ಯಂತ್ರ ಸೋಲುವ ಕಡೆ

2017ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸುದ್ದಿ ದೊಡ್ಡದಾಯಿತು. ಐರ್ಲೆಂಡಿನವರಾದ ಒಬ್ಬ ಪಶುವೈದ್ಯೆ, ಇಂಗ್ಲಿಷೇ ಮನೆಮಾತು, ಎರಡು ಪದವಿ ಪಡೆದವರು. ವೀಸಾಕ್ಕೆ ಮಾತಿನ ವಿಭಾಗದಲ್ಲಿ 79 ಬೇಕಿತ್ತು, ಯಂತ್ರ ಕೊಟ್ಟದ್ದು 74. ಯಂತ್ರದ ತಪ್ಪು ಏನೂ ಇಲ್ಲ, ವಲಸೆ ಇಲಾಖೆ ಗೆರೆಯನ್ನೇ ಬಹಳ ಎತ್ತರಕ್ಕೆ ಎಳೆದಿದೆ ಎಂದು ಪರೀಕ್ಷಾ ಸಂಸ್ಥೆ ಉತ್ತರಿಸಿತು. ಆ ಉತ್ತರವನ್ನು ತಳ್ಳಿಹಾಕಬೇಡಿ, ಅದರಲ್ಲಿ ಒಂದು ಮುಖ್ಯ ವಿಷಯವಿದೆ. ಮಾತಿನ ಒಟ್ಟು ಅಂಕದಲ್ಲಿ ಯಂತ್ರಕ್ಕೂ ಮನುಷ್ಯರಿಗೂ ಇರುವ ಹೊಂದಿಕೆ 0.96 ಎಂದು ಸಂಸ್ಥೆ ಪ್ರಕಟಿಸಿದೆ. ಒಂದು ಎಂದರೆ ಪೂರ್ಣ ಹೊಂದಿಕೆ, ಆದ್ದರಿಂದ ಇದು ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಅದು ಹತ್ತು ಅಂಕದವರಿಂದ ತೊಂಬತ್ತು ಅಂಕದವರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಬರುವ ಹೊಂದಿಕೆ. ಮೂವತ್ತು ಅಂಕದವರನ್ನು ಎಂಬತ್ತು ಅಂಕದವರಿಂದ ಬೇರ್ಪಡಿಸುವುದು ಯಂತ್ರಕ್ಕೆ ಸುಲಭ. ಎಪ್ಪತ್ತೇಳರವರನ್ನು ಎಪ್ಪತ್ತೊಂಬತ್ತರವರಿಂದ ಬೇರ್ಪಡಿಸುವುದು ಆ ಸಂಖ್ಯೆಯಿಂದ ಸಿದ್ಧವಾಗುವುದಿಲ್ಲ. ಒಬ್ಬರ ಬದುಕು ನಿರ್ಧಾರವಾಗುವುದು ಮಾತ್ರ ಆ ಎರಡು ಅಂಕಗಳ ನಡುವೆ.

ಎರಡನೆಯ ಮಿತಿ ಯಂತ್ರ ಕೇಳಿ ಬೆಳೆದ ದನಿಗಳದು. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ ಮಾತು ಗುರುತಿಸುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪಿದರೆ, ಕರಿಯರ ಮಾತಿನಲ್ಲಿ 35 ತಪ್ಪಿತು. ಅವೆಲ್ಲ ಸ್ವತಂತ್ರ ಮಾತು. ಓದಿ ಹೇಳುವ ಪ್ರಶ್ನೆಯಲ್ಲಿ ವಾಕ್ಯ ಮೊದಲೇ ಗೊತ್ತಿರುವುದರಿಂದ ಈ ಬಗೆಯ ಅಂತರ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. 126 ಭಾಷೆಗಳ ಪಟ್ಟಿಯಲ್ಲಿ ಒಂದು ಭಾಷೆಯ ಹೆಸರು ಇರುವುದು ಬೇರೆ, ಅದರ ಎಲ್ಲ ಬಗೆಯ ದನಿ ಇರುವುದು ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ನಮ್ಮ ಈ ಮೂರು ತಾಲೂಕುಗಳನ್ನೇ ನೋಡಿ. ಹವ್ಯಕರ ಮನೆಮಾತು ಒಂದು, ಯಲ್ಲಾಪುರದ ಸಿದ್ದಿಯರ ಕೊಂಕಣಿ ಇನ್ನೊಂದು, ಗೌಳಿಗರ ಮರಾಠಿ ಮತ್ತೊಂದು. ಇವರೆಲ್ಲ ಅರ್ಜಿಯಲ್ಲಿ ಒಂದೇ ಜಿಲ್ಲೆಯವರು, ಇಂಗ್ಲಿಷ್ ಮಾತ್ರ ಒಂದೇ ಬಗೆಯದಲ್ಲ.

ಮೂರನೆಯದು ದನಿಯ ದಾರಿ. ಪರೀಕ್ಷಾ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ. ಮೈಕು ಬಾಯಿಗೆ ತೀರ ಹತ್ತಿರವಾದರೆ ಉಸಿರಿನ ಸದ್ದು ಪಕಾರ, ಸಕಾರಗಳನ್ನು ಮುಚ್ಚುತ್ತದೆ. ದೂರವಾದರೆ ಪಕ್ಕದವರ ಮಾತು ಸೇರುತ್ತದೆ. ಆರಂಭದಲ್ಲಿ ಮೈಕು ಪರೀಕ್ಷಿಸಿಕೊಳ್ಳಲು ಅವಕಾಶವಿರುತ್ತದೆ, ಅಲ್ಲಿ ನಿಮ್ಮ ದನಿಯನ್ನು ಪೂರ್ತಿ ಕೇಳಿ. ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಇದು ಅನ್ವಯಿಸುತ್ತದೆ. ಆಷಾಢದ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿ, ಅಭ್ಯಾಸದ ತಂತ್ರಾಂಶ ಕಡಿಮೆ ಅಂಕ ಕೊಟ್ಟಿತೆಂದು ನಿಮ್ಮ ಉಚ್ಚಾರವನ್ನು ಶಂಕಿಸಬೇಡಿ.

ತೊಂದರೆ ದನಿಯ ದಾರಿಯಲ್ಲೋ ನಾಲಿಗೆಯಲ್ಲೋ ಎಂದು ತಿಳಿಯಲು ಸುಲಭದ ಉಪಾಯವಿದೆ. ಅರವತ್ತು ಪದದ ಒಂದು ಬರಹವನ್ನು ಮೊಬೈಲಿನಲ್ಲಿ ಓದಿ ರೆಕಾರ್ಡ್ ಮಾಡಿ, ಮುದ್ರಿತ ಪುಟ ಮುಂದಿಟ್ಟುಕೊಂಡು ಕೇಳಿ. ಬಿಟ್ಟ, ಬದಲಾದ, ಸೇರಿದ ಪದಗಳಿಗೆ ಗುರುತು ಹಾಕಿ. ಎಲ್ಲೆಲ್ಲಿ ನಿಂತಿರಿ ಎಂದು ಗೆರೆ ಎಳೆಯಿರಿ. ಗೆರೆಗಳು ಅಲ್ಪವಿರಾಮ, ಪೂರ್ಣವಿರಾಮಗಳ ಬಳಿ ಬಿದ್ದಿದ್ದರೆ ಚಿಂತೆಯಿಲ್ಲ, ‘ಆಫ್’ ಮತ್ತು ‘ಸ್ಮಾಲ್’ ನಡುವೆ ಬಿದ್ದಿದ್ದರೆ ಕೆಲಸವಿದೆ. ಒಟ್ಟು ಸಮಯ ನೋಡಿ. ಇಪ್ಪತ್ತೈದರಿಂದ ಮೂವತ್ತು ಸೆಕೆಂಡು ಹದವಾದ ವೇಗ. ಹದಿನೆಂಟು ಸೆಕೆಂಡಿನಲ್ಲಿ ಮುಗಿಸಿದ್ದರೆ ಅದು ಓಘವಲ್ಲ, ಓಟ. ಆಗ ಕೊನೆಯ ವ್ಯಂಜನಗಳು ಬಿದ್ದುಹೋಗಿ ಉಚ್ಚಾರ, ಕಂಟೆಂಟ್ ಎರಡೂ ಕೆಡುತ್ತವೆ. ಏರಿಳಿತವಿಲ್ಲದೆ ಒಂದೇ ಸಮನೆ ಓಡಿಸಿದರೆ ಅಂಕ ಬರುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ: ತಡವರಿಸಿ ತಿದ್ದುವುದಕ್ಕಿಂತ ಮುಂದೆ ಹೋಗುವುದು ಮೇಲು. ಉಳಿದರ್ಧ ಸತ್ಯವಲ್ಲ, ಪದದೊಳಗಿನ ಒತ್ತು ಎಲ್ಲಿ ಬಿತ್ತು ಎಂಬುದು ಉಚ್ಚಾರದ ವಿವರಣೆಯಲ್ಲೇ ಇದೆ.

ಕೊನೆಗೆ ಎರಡು ಕೋರಿಕೆ

ಅಂಕ ಕಡಿಮೆ ಬಂದರೆ ಮರುಮೌಲ್ಯಮಾಪನಕ್ಕೆ ಹಣ ಕಟ್ಟುವವರಿದ್ದಾರೆ. ಮನುಷ್ಯ ಪರೀಕ್ಷಕರ ಉತ್ತರಪತ್ರಿಕೆಯಲ್ಲಿ ಅದಕ್ಕೆ ಅರ್ಥವಿದೆ. ಯಂತ್ರಕ್ಕೆ ಅದೇ ದನಿಯನ್ನು ಮತ್ತೆ ಕೊಟ್ಟರೆ ಅದೇ ಅಂಕ ಬರುತ್ತದೆ. ಹಾಗಾಗಿ ಅದೇ ಯಂತ್ರದಿಂದ ಮತ್ತೆ ತೂಗಿಸುವುದರಲ್ಲಿ ಹೆಚ್ಚು ಅರ್ಥವಿಲ್ಲ. ನನ್ನ ಅಭಿಪ್ರಾಯ ಇಷ್ಟು. ಈ ಎರಡು ಪ್ರಶ್ನೆಗಳಲ್ಲಿ ಯಂತ್ರ ಸುಸ್ತಾಗದ, ಮುಖ ನೋಡಿ ಮಣೆ ಹಾಕದ ಎಣಿಕೆದಾರ. ಎಣಿಸುವುದಕ್ಕೆ ಅದನ್ನು ನಂಬಬಹುದು. ಆದರೆ ಎಣಿಕೆಯೇ ತೀರ್ಪಾಗುವ ಕಡೆ, ಗೆರೆಯ ಆಸುಪಾಸಿನಲ್ಲಿ ನಿಂತವರ ದನಿಯನ್ನು ಒಬ್ಬ ಮನುಷ್ಯರೂ ಕೇಳಬೇಕು. ಗೆರೆ ಎಳೆಯುವ ಸರಕಾರಗಳು, ವಿಶ್ವವಿದ್ಯಾಲಯಗಳು, ಕಂಪನಿಗಳು ಇದನ್ನು ಕಡ್ಡಾಯ ಮಾಡಬೇಕು ಎಂಬುದು ನನ್ನ ಮೊದಲ ಕೋರಿಕೆ.

ಎರಡನೆಯದು ಇಲ್ಲಿ ಕೂತಿರುವ ಅಧ್ಯಾಪಕರಿಗೆ. ಬೆಂಗಳೂರಿನ ತರಬೇತಿ ಕೇಂದ್ರದಲ್ಲಿ ಸಾವಿರಾರು ರೂಪಾಯಿ ಕೊಟ್ಟು ನಮ್ಮ ಮಕ್ಕಳು ಕಲಿಯುವುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಹೈಸ್ಕೂಲಿನಲ್ಲಾದರೂ ಖರ್ಚಿಲ್ಲದೆ ಕಲಿಸಬಹುದು. ಇಂಗ್ಲಿಷ್ ತಾಸಿನಲ್ಲಿ ದಿನಕ್ಕೆ ಹತ್ತು ನಿಮಿಷ ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಓದುತ್ತಿರುವಾಗ ನಡುವೆ ತಡೆದು ತಿದ್ದಬೇಡಿ, ಮುಗಿದ ಮೇಲೆ ತಿದ್ದಿ. ನೀವು ಒಂದು ವಾಕ್ಯ ಹೇಳಿ ಅವರಿಂದ ತಿರುಗಿ ಹೇಳಿಸಿ, ಆಮೇಲೆ ಅದರ ಅರ್ಥವನ್ನೂ ಕೇಳಿ. ಅರ್ಥ ಕೇಳುವ ಕೆಲಸ ಯಂತ್ರ ಮಾಡುವುದಿಲ್ಲ, ಅದನ್ನು ನೀವೇ ಮಾಡಬೇಕು.